"ಶನಿವಾರ ಲ್ಯಾಬ್ ತೆಗೀತೀನಿ" - ಯಾವ ಶನಿವಾರ?

ಕಳೆದ ಸೆಮಿಸ್ಟರ್‌ನಲ್ಲಿ ನಮ್ಮ ಸಂಘದ ಕನ್ನಡ ತರಗತಿಗೆ ಲಕ್ನೋದ ಗೆಳೆಯನೊಬ್ಬ ಬರ್ತಿದ್ದ. ಒಂದು ದಿನ ಲ್ಯಾಬ್ ಅಟೆಂಡರ್ ಅವನಿಗೆ, "ಶನಿವಾರ ಲ್ಯಾಬ್ ತೆಗೀತೀನಿ, ಬನ್ನಿ" ಅಂದರು. ಆ ವಾರ ಅವನಿಗೆ ಬೇರೆ ಕೆಲಸ ಇತ್ತು. ಮುಂದಿನ ಶನಿವಾರ ಹೋದರಾಯ್ತು ಅಂದುಕೊಂಡ. ಹೋದಾಗ ಬಾಗಿಲಿಗೆ ಬೀಗ. ಸೋಮವಾರ ಪ್ರಾಜೆಕ್ಟ್ ರಿವ್ಯೂ. ಬೋರ್ಡ್ ಟೆಸ್ಟ್ ಮಾಡದೆ ಬರೀ ಸಿಮ್ಯುಲೇಶನ್ ತೋರಿಸಿ ಬಂದ.

ಅಟೆಂಡರ್ ಹೇಳಿದ್ದು ಆ ಒಂದು ಶನಿವಾರದ ಮಾತು. ಇವನಿಗೆ ಕೇಳಿಸಿದ್ದು ಪ್ರತಿ ಶನಿವಾರ ಅಂತ. ಹಿಂದಿಯಲ್ಲಿ 'ಖೋಲ್ತಾ ಹೂಂ' ಅಂದರೆ ರೂಢಿ, 'ಖೋಲೂಂಗಾ' ಅಂದರೆ ಮುಂದಿನ ಮಾತು. ನಾವೇ ತರಗತಿಯಲ್ಲಿ 'ತೆಗೀತೀನಿ' ಅನ್ನೋದನ್ನು 'ವರ್ತಮಾನ ಕಾಲ' ಅಂತ ಬೋರ್ಡ್ ಮೇಲೆ ಬರೆದಿದ್ದೆವು. ಹಾಗಾಗಿ ಅವನು ಅದನ್ನು 'ಖೋಲ್ತಾ ಹೂಂ' ಜೊತೆ ಜೋಡಿಸಿಕೊಂಡಿದ್ದ. ತಪ್ಪು ನಮ್ಮ ಪಟ್ಟಿಯದು. ಈಗ ಆ ಪಟ್ಟಿಯನ್ನು ಹೀಗೆ ಬರೆಯುತ್ತೇವೆ:

| ಯಾರು | ಆಡುಮಾತು | ಬರಹ | ಪುಸ್ತಕದ ಭವಿಷ್ಯತ್ |
|---|---|---|---|
| ನಾನು | ಬರ್ತೀನಿ | ಬರುತ್ತೇನೆ | ಬರುವೆನು |
| ನೀವು | ಬರ್ತೀರ | ಬರುತ್ತೀರಿ | ಬರುವಿರಿ |
| ಅವನು | ಬರ್ತಾನೆ | ಬರುತ್ತಾನೆ | ಬರುವನು |
| ಅವರು | ಬರ್ತಾರೆ | ಬರುತ್ತಾರೆ | ಬರುವರು |
| ಅದು | ಬರುತ್ತೆ | ಬರುತ್ತದೆ | ಬರುವುದು |

ಕೊನೆಯ ಕಾಲಮ್ಮಿನ ರೂಪಗಳನ್ನು ಶಾಲೆಯಲ್ಲಿ ಕಲಿತಿದ್ದೇವೆ, ಆಮಂತ್ರಣ ಪತ್ರಿಕೆಯಲ್ಲೂ ಓದುತ್ತೇವೆ. ಆದರೆ ಕ್ಯಾಂಟೀನ್‌ನಲ್ಲಿ ಯಾರೂ "ನಾಳೆ ಬರುವೆನು" ಅನ್ನಲ್ಲ. ನಾಳೆಯ ಪ್ಲಾನಿಗೂ 'ಬರ್ತೀನಿ', ದಿನದ ರೂಢಿಗೂ 'ಬರ್ತೀನಿ'. ಮಂಗಳೂರಿನ ಕಡೆ 'ಬರ್ತೇನೆ', ಧಾರವಾಡದ ಕಡೆ 'ಬರ್ತೇನಿ' ಅಂದರೂ ಕತೆ ಇದೇ.

ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು ಕನ್ನಡಕ್ಕೆ ಇರುವುದು ಎರಡೇ ಕಾಲ ಅನ್ನುತ್ತಾರೆ: ಆಗಿಹೋದದ್ದು ಒಂದು, ಆಗಿಹೋಗದ್ದು ಇನ್ನೊಂದು. 'ಬರ್ತೀನಿ' ಎರಡನೆಯದು. ಅದು ರೂಢಿಯೋ ಪ್ಲಾನೋ ಅನ್ನೋದನ್ನು ಕ್ರಿಯಾಪದದ ಬಾಲ ಹೇಳಲ್ಲ, ಪಕ್ಕದ ಮಾತು ಹೇಳುತ್ತೆ:

"ಈ ಶನಿವಾರ ತೆಗೀತೀನಿ." ಇದು ಪ್ಲಾನ್.
"ಶನಿವಾರ ಶನಿವಾರ ತೆಗೀತೀನಿ." ಇದು ರೂಢಿ.
"ಶನಿವಾರ ತೆಗೀತೀನಿ." ಇದು ಎರಡೂ ಆಗಬಹುದು. ಇಲ್ಲಿ ಕೇಳಿ ಖಚಿತ ಮಾಡಿಕೊಳ್ಳಬೇಕು.

ಇಲ್ಲ ಅನ್ನುವಾಗಲೂ ಹೀಗೇ. "ಅವನು ಕ್ಲಾಸಿಗೆ ಬರಲ್ಲ" ಅಂದರೆ ಅವನು ಬರೋದೇ ಇಲ್ಲ ಅಂತಲೂ ಆಗುತ್ತೆ, ಇವತ್ತೊಂದಿನ ಬರಲ್ಲ ಅಂತಲೂ ಆಗುತ್ತೆ. ಪುಸ್ತಕದ ಭವಿಷ್ಯತ್ತಿನ 'ವ' ಆಡುಮಾತಿನಲ್ಲಿ 'ಬರೋ' ಆಗಿ ಉಳಿದಿದೆ, ಆದರೆ ಅದೂ ಎರಡೂ ಕಡೆ ದುಡಿಯುತ್ತೆ: ನಾಳೆ ಬರೋ ಗೆಸ್ಟ್, ದಿನಾ ಬರೋ ಬಸ್ಸು.

ಈ ಕ್ಷಣ ನಡೀತಿರೋದಕ್ಕೆ ಮಾತ್ರ ಬೇರೆ ರೂಪ ಇದೆ. "ಏನ್ ಮಾಡ್ತಿದೀಯ?" ಅಂದರೆ "ಓದ್ತಿದೀನಿ" ಅನ್ನಬೇಕು. "ಓದ್ತೀನಿ" ಅಂದರೆ ಪುಸ್ತಕ ಇನ್ನೂ ತೆರೆದಿಲ್ಲ ಅಂತ ಕೇಳಿದವರಿಗೆ ಗೊತ್ತಾಗುತ್ತೆ. ಟಿಕೆಟ್ ಬುಕ್ ಆಗಿ ಎಲ್ಲ ನಿಶ್ಚಯವಾದ ಪ್ಲಾನಿಗೂ ಈ ರೂಪ ಬಳಸುತ್ತೇವೆ: "ನಾಳೆ ಊರಿಗೆ ಹೋಗ್ತಿದೀನಿ." ಆಗ 'ನಾಳೆ' ಬಿಟ್ಟರೆ ಈಗಲೇ ಬಸ್ಸಿನಲ್ಲಿ ಕೂತಿದ್ದೀವಿ ಅಂತಾಗುತ್ತೆ.

'ಇರು' ಅನ್ನೋ ಕ್ರಿಯಾಪದದಲ್ಲಿ ಈ ವ್ಯತ್ಯಾಸ ಇನ್ನೂ ಚೆನ್ನಾಗಿ ಕಾಣುತ್ತೆ. "ಲ್ಯಾಬಲ್ಲಿ ಇದೀನಿ" ಅಂದರೆ ಈಗ ಹೋದರೆ ಸಿಗ್ತಾರೆ. "ಲ್ಯಾಬಲ್ಲಿ ಇರ್ತೀನಿ" ಅಂದರೆ ಮುಂದೆ ಸಿಗ್ತಾರೆ, ಇಲ್ಲವೇ ಸಾಮಾನ್ಯವಾಗಿ ಅಲ್ಲಿ ಸಿಗ್ತಾರೆ. ಆದರೆ ನಿರ್ಜೀವ ವಸ್ತು, ಕಾರ್ಯಕ್ರಮಗಳ ವಿಷಯಕ್ಕೆ ಬಂದರೆ 'ಇದೆ' ನಾಳೆಗೂ ಸಲ್ಲುತ್ತೆ. "ನಾಳೆ ಟೆಸ್ಟ್ ಇದೆ" ಅಂದರೆ ದಿನ ಗೊತ್ತಾಗಿಹೋಗಿದೆ. "ನಾಳೆ ಟೆಸ್ಟ್ ಇರುತ್ತೆ" ಅಂತ ಗೆಳೆಯ ಅಂದರೆ, ಅವನು ನೋಟಿಸ್ ನೋಡಿದ್ದಾನೋ ಅಂದಾಜಿನಲ್ಲಿ ಹೇಳ್ತಿದ್ದಾನೋ ಅಂತ ಒಮ್ಮೆ ಕೇಳಿ.

ಈಗ ತರಗತಿಯಲ್ಲಿ ಹೊಸಬರಿಗೆ ಒಂದು ಅಭ್ಯಾಸ ಕೊಡುತ್ತೇವೆ. ಪ್ಲಾನ್ ಹೇಳುವ ಯಾವ ವಾಕ್ಯವೇ ಇರಲಿ, ಮೊದಲು ದಿನ, ಆಮೇಲೆ ಕ್ರಿಯಾಪದ. 'ಇವತ್ತು', 'ನಾಳೆ', 'ಈ ಸೋಮವಾರ', 'ದಿನಾ', ಇವುಗಳಲ್ಲಿ ಒಂದಿಲ್ಲದೆ 'ತೀನಿ' ಹಚ್ಚುವಂತಿಲ್ಲ. ಕೇಳಿಸಿಕೊಳ್ಳುವಾಗ ದಿನ ಸ್ಪಷ್ಟವಾಗದಿದ್ದರೆ ತಿರುಗಿ ಕೇಳಬೇಕು. ಲಕ್ನೋದ ಗೆಳೆಯ ಮೊನ್ನೆ ಅಟೆಂಡರ್ ಹತ್ತಿರ ಹೋಗಿ ಕೇಳಿದ್ದು ಹೀಗೆ: "ಸರ್, ಶನಿವಾರ ತೆಗೀತೀರಾ? ಈ ಶನಿವಾರ ಮಾತ್ರಾನಾ, ಪ್ರತಿ ಶನಿವಾರನಾ?"

"ಈ ಶನಿವಾರ ಮಾತ್ರ ಕಣಪ್ಪಾ, ಮುಂದಿನ ವಾರ ಊರಿಗೆ ಹೋಗ್ತಿದೀನಿ" ಅಂದರಂತೆ.