ಮೇಲಿನ ಬಲ ಮೂಲೆಯ ಸಣ್ಣ ಸಾಲು

ಫ್ರಾನ್ಸಿನ ಸುದ್ದಿತಾಣವೊಂದನ್ನು ತೆರೆದರೆ ಸುದ್ದಿಗಿಂತ ಮೊದಲು ಒಂದು ಪೆಟ್ಟಿಗೆ ಬಂದು ಪರದೆಯನ್ನು ಮುಚ್ಚುತ್ತದೆ. ಕೆಳಗಡೆ ಗಾಢ ಬಣ್ಣದ ದೊಡ್ಡ ಬಟನ್ ಇರುತ್ತದೆ: Tout accepter, ಅಂದರೆ ಎಲ್ಲಕ್ಕೂ ಒಪ್ಪಿಗೆ. ಅದರ ಪಕ್ಕದಲ್ಲಿ Paramétrer, ಒಂದೊಂದಾಗಿ ಆರಿಸಿಕೊಳ್ಳುವ ದಾರಿ. ಬೇಡ ಎನ್ನುವವರಿಗೆ ಬೇಕಾದದ್ದು ಬಹಳ ಸಲ ಇವೆರಡೂ ಅಲ್ಲ. ಪೆಟ್ಟಿಗೆಯ ಮೇಲಿನ ಬಲ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ Continuer sans accepter ಎಂಬ ಸಾಲು ಇರುತ್ತದೆ. ಒಪ್ಪದೆಯೇ ಮುಂದೆ ಹೋಗುತ್ತೇನೆ ಎಂದು ಅದರ ಅರ್ಥ. ಅದನ್ನು ಒತ್ತಿದರೆ ಒಂದೇ ಸಲಕ್ಕೆ ಕೆಲಸ ಮುಗಿಯಿತು. ಕೆಲವು ತಾಣಗಳಲ್ಲಿ ಅದೇ ಕೆಲಸಕ್ಕೆ Tout refuser ಎಂಬ ಬಟನ್ ಇರುತ್ತದೆ.

ಈ ಸಾಲು ಅಲ್ಲಿಗೆ ತಾನಾಗಿ ಬಂದದ್ದಲ್ಲ. ಫ್ರಾನ್ಸಿನಲ್ಲಿ ಜನರ ಖಾಸಗಿ ಮಾಹಿತಿಯನ್ನು ಕಾಯುವ ಸರ್ಕಾರಿ ಸಂಸ್ಥೆಯ ಹೆಸರು ಕ್ನಿಲ್. 1978ರ ಕಾನೂನಿನಿಂದ ಹುಟ್ಟಿದ್ದು. ಒಪ್ಪುವುದು ಎಷ್ಟು ಸುಲಭವೋ ನಿರಾಕರಿಸುವುದೂ ಅಷ್ಟೇ ಸುಲಭವಾಗಿರಬೇಕು ಎಂದು ಅದು 2020ರಲ್ಲಿ ಹೇಳಿ, ಬದಲಾಯಿಸಿಕೊಳ್ಳಲು 2021ರ ಮಾರ್ಚ್ ಕೊನೆಯವರೆಗೆ ಸಮಯ ಕೊಟ್ಟಿತು. ಬದಲಾಗದವರ ಮೇಲೆ ದಂಡ ಬಿತ್ತು. ಒಪ್ಪಲು ಒಂದೇ ಬಟನ್, ನಿರಾಕರಿಸಲು ಹಲವು ಕ್ಲಿಕ್ ಎಂಬ ಕಾರಣಕ್ಕೆ ಗೂಗಲ್‌ಗೆ 15 ಕೋಟಿ ಯೂರೋ, ಫೇಸ್‌ಬುಕ್‌ಗೆ 6 ಕೋಟಿ ಯೂರೋ ದಂಡ ಹಾಕಿದ್ದನ್ನು 2022ರ ಜನವರಿಯಲ್ಲಿ ಪ್ರಕಟಿಸಿತು. ಆದರೂ ಆ ಸಾಲನ್ನು ಮಸುಕು ಬಣ್ಣದಲ್ಲಿಟ್ಟು ಕಣ್ಣಿಗೆ ಬೀಳದಂತೆ ಮಾಡುವ ಚಾಳಿ ನಿಂತಿಲ್ಲ. ಇದು ಓದುಗರಿಗೆ ಮಾಡುವ ಅನ್ಯಾಯವೇ ಸರಿ.

ಆ ಸಾಲು ಸಿಗದಿದ್ದರೆ Paramétrer ಒತ್ತಬೇಕಾಗುತ್ತದೆ. ಎಡವುವುದು ಇಲ್ಲಿಯೇ. ತೆರೆದುಕೊಳ್ಳುವ ಪಟ್ಟಿಯಲ್ಲಿ ಜಾಹೀರಾತು, ವೈಯಕ್ತಿಕ ವಿಷಯ, ಓದುಗರ ಲೆಕ್ಕ ಹೀಗೆ ಸಾಲುಸಾಲು ಉದ್ದೇಶಗಳಿದ್ದು, ಪ್ರತಿಯೊಂದಕ್ಕೂ ಒಂದು ಸ್ವಿಚ್ಚು ಇರುತ್ತದೆ. ಎಲ್ಲವೂ ಆಫ್ ಆಗಿರುವುದು ನೋಡಿ ಸಮಾಧಾನವಾಗುತ್ತದೆ. ಆದರೆ ಕೆಳಗೆ ಮತ್ತೆ ಎರಡು ಬಟನ್‌ಗಳಿರುತ್ತವೆ, ಹೆಚ್ಚು ಎದ್ದು ಕಾಣುವುದು Tout accepter. ಅವಸರದಲ್ಲಿ ಅದನ್ನು ಒತ್ತಿದರೆ ಆಫ್ ಇದ್ದದ್ದೆಲ್ಲ ಆನ್ ಆಗಿಬಿಡುತ್ತದೆ. ಒತ್ತಬೇಕಾದದ್ದು Enregistrer ಎಂದಿರುವುದನ್ನು, ಅಂದರೆ ನನ್ನ ಆಯ್ಕೆಯನ್ನು ಉಳಿಸು ಎಂಬುದನ್ನು.

ಇನ್ನೊಂದು ಮಾತು Intérêt légitime, ನ್ಯಾಯಸಮ್ಮತ ಹಿತಾಸಕ್ತಿ. ನಿಮ್ಮ ಒಪ್ಪಿಗೆ ಕೇಳದೆಯೇ ಮಾಹಿತಿ ಬಳಸಲು ನಮಗೆ ಕಾರಣವಿದೆ ಎಂದು ಜಾಹೀರಾತು ಕಂಪನಿಗಳು ಹೇಳಿಕೊಳ್ಳುವ ಜಾಗ ಇದು. ಬೇಕಾದರೆ ನೀವು ಆಕ್ಷೇಪಿಸಬಹುದು ಎಂಬ ಲೆಕ್ಕಾಚಾರವಾದ್ದರಿಂದ ಇಲ್ಲಿನ ಸ್ವಿಚ್ಚುಗಳು ಮೊದಲೇ ಆನ್ ಆಗಿರುವುದುಂಟು. ಹಾಗೆ ಕಂಡರೆ S'opposer ಎಂಬುದನ್ನು ಒತ್ತಿ. Partenaires ಎಂಬ ಪುಟದಲ್ಲೂ, ಅಂದರೆ ಪಾಲುದಾರ ಕಂಪನಿಗಳ ಪಟ್ಟಿಯಲ್ಲೂ, ಇಂಥ ಸ್ವಿಚ್ಚುಗಳು ಅಡಗಿರಬಹುದು.

ಎಲ್ಲವನ್ನೂ ನಿರಾಕರಿಸಿದರೂ ಕೆಲವು ಕುಕೀಗಳು ಉಳಿಯುತ್ತವೆ. ಲಾಗಿನ್ ಆಗಿದ್ದೀರಿ, ಬುಟ್ಟಿಯಲ್ಲಿ ಏನೇನು ಹಾಕಿದ್ದೀರಿ, ಬ್ಯಾನರಿಗೆ ಏನು ಉತ್ತರ ಕೊಟ್ಟಿದ್ದೀರಿ ಎಂದು ನೆನಪಿಡುವ ಕುಕೀಗಳಿಗೆ ಒಪ್ಪಿಗೆ ಬೇಕಿಲ್ಲ. ಆ ತಾಣಕ್ಕಾಗಿ ಮಾತ್ರ ಓದುಗರನ್ನು ಎಣಿಸುವ ಸೀಮಿತ ಲೆಕ್ಕಕ್ಕೂ ಷರತ್ತಿನ ಮೇಲೆ ವಿನಾಯಿತಿ ಇದೆ.

ನಿರಾಕರಣೆ ನಿಜವಾಗಿ ನಡೆದಿದೆಯೇ? ಕಂಪ್ಯೂಟರಿನಲ್ಲಿ ಇದನ್ನು ನೋಡಬಹುದು. ಕ್ರೋಮ್‌ನಲ್ಲಿ ಹೊಸ ಇನ್‌ಕಾಗ್ನಿಟೊ ಕಿಟಕಿ ತೆರೆದು, ತಾಣಕ್ಕೆ ಹೋಗಿ, ನಿರಾಕರಿಸಿ. ಆಮೇಲೆ F12 ಒತ್ತಿ Application ಎಂಬಲ್ಲಿ Cookies ಪಟ್ಟಿಯನ್ನು ತೆರೆಯಿರಿ. euconsent-v2 ಎಂಬ ಹೆಸರು ಕಂಡರೆ ಗಾಬರಿ ಬೇಡ, ಅದು ನಿಮ್ಮ ಉತ್ತರವನ್ನೇ ಬರೆದಿಟ್ಟ ಕುಕೀ. ಆದರೆ ಫೇಸ್‌ಬುಕ್‌ ಜಾಹೀರಾತಿನ _fbp ಅಲ್ಲಿದ್ದರೆ ನಿಮ್ಮ ಬೇಡ ಎಂಬ ಮಾತಿಗೆ ತಾಣ ಬೆಲೆ ಕೊಟ್ಟಿಲ್ಲ ಎಂದೇ ಅನುಮಾನಿಸಬೇಕು. ಇಂಥದ್ದು ನಡೆಯುತ್ತದೆ. ಲ ಫಿಗಾರೊ ಪತ್ರಿಕೆಯ ತಾಣದಲ್ಲಿ ಓದುಗರು ನಿರಾಕರಿಸಿದ ಮೇಲೂ ಪಾಲುದಾರರ ಜಾಹೀರಾತು ಕುಕೀಗಳು ಕೂರುತ್ತಿದ್ದವೆಂದು ಕ್ನಿಲ್ 2021ರಲ್ಲಿ 50,000 ಯೂರೋ ದಂಡ ವಿಧಿಸಿತ್ತು.

ಕೆಲವು ಪತ್ರಿಕೆಗಳು ಬೇರೆಯೇ ದಾರಿ ಹಿಡಿದಿವೆ: ಕುಕೀ ಒಪ್ಪಿ, ಇಲ್ಲವೇ ದುಡ್ಡು ಕೊಟ್ಟು ಚಂದಾದಾರರಾಗಿ. ಇದನ್ನು ಒಟ್ಟಾರೆಯಾಗಿ ನಿಷೇಧಿಸುವಂತಿಲ್ಲ ಎಂದು 2020ರ ಜೂನ್‌ನಲ್ಲಿ ಅಲ್ಲಿನ ಉನ್ನತ ಆಡಳಿತ ನ್ಯಾಯಾಲಯ ಕ್ನಿಲ್‌ಗೆ ಹೇಳಿತು. ಅಂಥ ಪುಟದಲ್ಲಿ ಬಲ ಮೂಲೆಯ ಸಾಲನ್ನು ಹುಡುಕಿ ಪ್ರಯೋಜನವಿಲ್ಲ. ಅದೇ ಸುದ್ದಿಯನ್ನು ಬೇರೆ ಕಡೆ ಓದಬಹುದು.

ನಿರಾಕರಣೆಯನ್ನು ತಾಣಗಳು ಆರು ತಿಂಗಳು ನೆನಪಿಟ್ಟುಕೊಳ್ಳುವುದು ಒಳ್ಳೆಯದೆಂದು ಕ್ನಿಲ್ ಸಲಹೆ ಮಾಡುತ್ತದೆ. ಬ್ರೌಸರಿನ ಕುಕೀಗಳನ್ನು ಅಳಿಸುವವರಿಗೆ ಮಾತ್ರ ಆ ನೆನಪೂ ಅಳಿಸಿಹೋಗಿ ಪೆಟ್ಟಿಗೆ ಮತ್ತೆ ಮತ್ತೆ ಬರುತ್ತದೆ. ಎಂದೋ ಒಪ್ಪಿಬಿಟ್ಟಿದ್ದವರು ಪುಟದ ತೀರಾ ಕೆಳಗೆ ಹೋಗಿ Gestion des cookies ಎಂಬ ಕೊಂಡಿಯನ್ನು ಒತ್ತಿದರೆ ಅದೇ ಪೆಟ್ಟಿಗೆ ತೆರೆಯುತ್ತದೆ, ಕೊಟ್ಟ ಒಪ್ಪಿಗೆಯನ್ನು ಅಲ್ಲಿ ಹಿಂದಕ್ಕೆ ಪಡೆಯಬಹುದು.