46ನೇ ಹಲ್ಲಿಗೆ ಎಷ್ಟು ಸಲ ಬರಬೇಕು?

‘46 ಆರ್‌ಸಿಟಿ, ಕ್ಯಾಪ್. 36 ಕೀಳುವುದು, ಬ್ರಿಡ್ಜ್. ಒಟ್ಟು 25,500.’ ಹಲ್ಲಿನ ಕ್ಲಿನಿಕ್ಕಿನಿಂದ ಇಂಥ ಚೀಟಿ ಹಿಡಿದು ಹೊರಬಂದವರಿಗೆ ಅರ್ಥವಾಗುವುದು ಕೊನೆಯ ಅಂಕಿ ಮಾತ್ರ. ಬಾಯಲ್ಲಿ ಇರುವುದೇ 32 ಹಲ್ಲು, 46 ಎಲ್ಲಿಂದ ಬಂತು?

ಇದು ಎರಡು ಬಿಡಿ ಅಂಕಿಗಳ ವಿಳಾಸ. ಮೊದಲನೆಯದು ಬಾಯಿಯ ಕಾಲುಭಾಗ: ಮೇಲೆ ಬಲ 1, ಮೇಲೆ ಎಡ 2, ಕೆಳಗೆ ಎಡ 3, ಕೆಳಗೆ ಬಲ 4. ಎರಡನೆಯದು ನಡುಗೆರೆಯಿಂದ ಎಷ್ಟನೆಯ ಹಲ್ಲು ಎಂಬುದು. ನಾಲ್ಕು-ಆರು ಎಂದರೆ ಕೆಳಗಿನ ಬಲದವಡೆಯ ಆರನೆಯ ಹಲ್ಲು. ಇದು ತಿಳಿದಿದ್ದರೆ ಚೀಟಿಯಲ್ಲಿರುವುದು ನೋಯುತ್ತಿರುವ ಹಲ್ಲೇ ಹೌದೋ ಎಂದು ಕನ್ನಡಿ ಮುಂದೆ ನಿಂತು ನೀವೇ ನೋಡಿಕೊಳ್ಳಬಹುದು.

ಮಂಗಳೂರಿನ ಕುದ್ರೋಳಿಯ ಮಧ್ಯವಯಸ್ಸಿನ ಗೃಹಿಣಿಯೊಬ್ಬರನ್ನು ಊಹಿಸಿಕೊಳ್ಳಿ. ಆಟಿ ಮುಗಿಯುವ ಹೊತ್ತಿಗೆ ರಾತ್ರಿ ನಿದ್ದೆಗೆಡಿಸುವ ಹಲ್ಲುನೋವು. ದಸರಾಕ್ಕೆ ಗೋಕರ್ಣನಾಥ ಕ್ಷೇತ್ರಕ್ಕೆಂದು ನೆಂಟರೆಲ್ಲ ಬರುತ್ತಾರೆ, ಅಷ್ಟರೊಳಗೆ ಎಲ್ಲ ಮುಗಿಯಬೇಕು ಎಂಬುದು ಅವರ ಲೆಕ್ಕ. ಅವರಿಗೆ ಡಾಕ್ಟರು ಕಳಿಸಬೇಕಾದ ಸಂದೇಶ ಹೀಗಿದ್ದರೆ ಚೆಂದ:

‘ನಮಸ್ಕಾರ ಅಮ್ಮ. ನಿಮ್ಮ ಕೆಳಗಿನ ಬಲದವಡೆಯ ಹಲ್ಲಿನ ಹುಳುಕು ನರದವರೆಗೆ ಇಳಿದಿದೆ. ನಾಳೆಯೇ ಅದನ್ನು ತೆರೆದು ನರ ತೆಗೆಯುತ್ತೇವೆ, ನೋವು ಇಳಿಯುತ್ತದೆ. ಅದೇ ವಾರ ಎಲ್ಲ ಹಲ್ಲುಗಳ ಕ್ಲೀನಿಂಗ್. ಮುಂದಿನ ವಾರ ಬೇರಿನ ನಾಳ ತುಂಬಿ ಮುಚ್ಚುತ್ತೇವೆ. ಎಡಗಡೆ ಉಳಿದಿರುವ ಮುರುಕು ಬೇರನ್ನು ಅದೇ ತಿಂಗಳು ಕೀಳುತ್ತೇವೆ. ವಸಡಿನ ಬಾವು ಇಳಿದ ಮೇಲೆ ಬಲಗಡೆಯ ಕ್ಯಾಪಿಗೆ ಅಳತೆ, ಅದಾದ ವಾರಕ್ಕೆ ಕ್ಯಾಪ್. ಎಡಗಡೆಯ ಬ್ರಿಡ್ಜ್ ದೀಪಾವಳಿ ಕಳೆದ ಮೇಲೆ.’

ಕೊನೆಯ ವಾಕ್ಯಕ್ಕೆ ತಕರಾರು ಬರುವುದು ಖಂಡಿತ. ಆದರೆ ಇಲ್ಲಿ ಕಾಯಿಸುತ್ತಿರುವುದು ಡಾಕ್ಟರಲ್ಲ, ಎಲುಬು. ಹಲ್ಲು ಕಿತ್ತ ಗುಳಿಯ ಮೇಲೆ ವಸಡು ಕೆಲವು ವಾರಗಳಲ್ಲಿ ಮುಚ್ಚಿಕೊಳ್ಳುತ್ತದೆ. ಒಳಗಿನ ಎಲುಬು ತುಂಬಿ, ಅಂಚು ಕುಗ್ಗಿ, ಒಂದು ಆಕಾರಕ್ಕೆ ನಿಲ್ಲಲು ತಿಂಗಳುಗಳೇ ಬೇಕು. ಅವಸರದಲ್ಲಿ ಕಾಯಂ ಬ್ರಿಡ್ಜ್ ಕೂರಿಸಿದರೆ ವಸಡು ಕೆಳಗಿಳಿದು ಅದರಡಿ ಸಂದು ಬೀಳುತ್ತದೆ, ಅನ್ನದ ಅಗುಳು ಅಲ್ಲೇ ಸಿಕ್ಕಿಕೊಳ್ಳುತ್ತದೆ. ಕ್ಯಾಪಿಗೂ ಇಂಥದೇ ಕಾರಣವಿದೆ. ಬಾತ ವಸಡಿನಿಂದ ರಕ್ತ ಒಸರುತ್ತಿದ್ದರೆ ಹಲ್ಲಿನ ಅಂಚಿನ ಅಳತೆ ಸರಿಯಾಗಿ ಮೂಡುವುದಿಲ್ಲ. ಅದಕ್ಕೇ ಕ್ಲೀನಿಂಗ್ ಮೊದಲು.

ಈ ಸರಪಳಿ ಹೆಚ್ಚಾಗಿ ಕಡಿಯುವುದು ಮೊದಲ ಭೇಟಿಯ ನಂತರವೇ. ನರ ತೆಗೆದರೆ ನೋವು ಹೋಗುತ್ತದೆ, ರೋಗಿಯೂ ಹೋಗುತ್ತಾರೆ. ಆಗ ಹಾಕಿದ ತಾತ್ಕಾಲಿಕ ಸಿಮೆಂಟು ಕೆಲವು ವಾರಗಳ ಬಾಳಿಕೆಯದು. ಅದು ಸವೆದರೆ ಎಂಜಲಿನ ಜೊತೆ ಕ್ರಿಮಿಗಳು ನಾಳಕ್ಕೆ ಇಳಿಯುತ್ತವೆ. ನರವೇ ಇಲ್ಲದ ಹಲ್ಲು ಬಿಸಿ-ತಂಪಿಗೆ ಜುಂ ಎನ್ನುವುದಿಲ್ಲ, ಹಾಗಾಗಿ ಬೇರಿನ ತುದಿಯಲ್ಲಿ ಕೀವು ಸದ್ದಿಲ್ಲದೆ ಕಟ್ಟುತ್ತದೆ. ವಸಡಿನ ಮೇಲೆ ಒಡೆದು ಒಡೆದು ಮತ್ತೆ ಬರುವ ಸಣ್ಣ ಗುಳ್ಳೆ ಕಂಡರೆ ಅದೇ ಗುರುತು.

ಇನ್ನು ದುಡ್ಡು. ಈ ದರಗಳು ಲೆಕ್ಕ ತೋರಿಸಲು ಹಾಕಿಕೊಂಡವು, ಪ್ರತಿ ಕ್ಲಿನಿಕ್ಕಿನಲ್ಲೂ ಬೇರೆ ಇರುತ್ತವೆ. ರೂಟ್ ಕೆನಾಲ್ 4,500, ಮೇಲಿನ ಫಿಲ್ಲಿಂಗ್ 1,000, ಕ್ಲೀನಿಂಗ್ 1,000, ಬೇರು ಕೀಳಲು 1,000, ಲೋಹದ ಮೇಲೆ ಸೆರಾಮಿಕ್ ಇರುವ ಕ್ಯಾಪಿಗೆ 4,500. ದಸರಾಕ್ಕೆ ಮೊದಲು ಬೇಕಾದದ್ದು 12,000. ಬ್ರಿಡ್ಜ್ ಎಂದರೆ ಇಲ್ಲದ ಒಂದು ಹಲ್ಲಿಗಾಗಿ ಮೂರು ಕ್ಯಾಪ್, ಅಕ್ಕಪಕ್ಕದ ಎರಡು ಹಲ್ಲುಗಳು ಅದನ್ನು ಹೊರಬೇಕಲ್ಲ. ಹಾಗಾಗಿ 13,500. ಒಟ್ಟು 25,500. ಕ್ಯಾಪ್‌ಗಳೆಲ್ಲ ಒಂದಕ್ಕೆ 9,000ದ ಜಿರ್ಕೋನಿಯಾ ಆದರೆ ಇದೇ ಲೆಕ್ಕ 43,500ಕ್ಕೆ ಏರುತ್ತದೆ. ಕಾಯಿಲೆ ಅದೇ, ಬದಲಾದದ್ದು ವಸ್ತು.

ಹೀಗೆ ಎರಡು ಕಂತಾಗಿ ಬಿಡಿಸಿ ಬರೆದರೆ ಮನೆಯವರಿಗೆ ದುಡ್ಡು ಹೊಂದಿಸಲು ದಾರಿಯಾಗುತ್ತದೆ. ಅಂದಾಜು ಎಲ್ಲಿ ತಪ್ಪಬಹುದು ಎಂಬುದನ್ನೂ ಅದರಲ್ಲೇ ಹೇಳಬೇಕು. ಹಲ್ಲು ತೆರೆದಾಗ ಬೇರಿನವರೆಗೆ ಸೀಳು ಕಂಡರೆ ಅದನ್ನು ಉಳಿಸಲಾಗುವುದಿಲ್ಲ. ಎಕ್ಸ್‌ರೇಯಲ್ಲಿ ಇಂಥ ಸೀಳು ಅನೇಕ ಸಲ ಕಾಣುವುದೇ ಇಲ್ಲ. ಆಗ ಕ್ಯಾಪಿನ ಖರ್ಚು ಲೆಕ್ಕದಿಂದ ಹೋಗಿ ಕೀಳುವ ಖರ್ಚು ಸೇರುತ್ತದೆ. ಅಷ್ಟು ಹಣ ಆಗದವರಿಗೆ ಲೈಟ್‌ಹೌಸ್ ಹಿಲ್ ರಸ್ತೆಯಲ್ಲೂ ದೇರಳಕಟ್ಟೆಯಲ್ಲೂ ದಂತ ಕಾಲೇಜುಗಳಿವೆ. ಅಧ್ಯಾಪಕರ ಕಣ್ಗಾವಲಿನಲ್ಲಿ ವಿದ್ಯಾರ್ಥಿಗಳು ಮಾಡುವ ಚಿಕಿತ್ಸೆಗೆ ಸಾಮಾನ್ಯವಾಗಿ ಖರ್ಚು ಕಡಿಮೆ, ಓಡಾಟ ಮಾತ್ರ ಹೆಚ್ಚು.

ಬ್ರಿಡ್ಜ್ ಹಾಕಲು ಅಕ್ಕಪಕ್ಕದ ಹಲ್ಲುಗಳನ್ನು ಅರೆಯಬೇಕು, ಅರೆದ ಎನಾಮಲ್ ಮತ್ತೆ ಬೆಳೆಯುವುದಿಲ್ಲ. ಆ ಎರಡೂ ಗಟ್ಟಿ ಹಲ್ಲುಗಳಾಗಿದ್ದರೆ ಇಂಪ್ಲಾಂಟ್ ಆಗುತ್ತದೆಯೇ, ತೆಗೆದು ಹಾಕುವ ಹಲ್ಲು ಸಾಕೇ, ಕ್ಯಾಪ್ ಯಾವ ವಸ್ತುವಿನದು ಎಂಬುದನ್ನೆಲ್ಲ ಡ್ರಿಲ್ ಕೈಗೆತ್ತಿಕೊಳ್ಳುವ ಮೊದಲೇ ಡಾಕ್ಟರಲ್ಲಿ ಕೇಳಿ.