ಟೆಸ್ಟ್ ರೈಡ್‌ಗೆ ಕರೆಯುವ ವಿಡಿಯೊದಲ್ಲಿ ಇರಬೇಕಾದ ಲೆಕ್ಕ

ತುಮಕೂರಿನಂಥ ಊರಿನ ಡೀಲರ್ ಒಬ್ಬರು ಎಲೆಕ್ಟ್ರಿಕ್ ಸ್ಕೂಟರ್ ಟೆಸ್ಟ್ ರೈಡ್‌ಗೆ ಜನರನ್ನು ಕರೆಯಲು ಒಂದೂವರೆ ನಿಮಿಷದ ವಿಡಿಯೊ ಮಾಡಿಸುತ್ತಾರೆ ಎಂದುಕೊಳ್ಳಿ. ಗಾಡಿಯ ಬ್ಯಾಟರಿ 3 ಕಿಲೋವ್ಯಾಟ್ ಅವರ್, ಕರಪತ್ರದಲ್ಲಿರುವ ರೇಂಜ್ 120 ಕಿ.ಮೀ. ಅವರ ಸ್ಕ್ರಿಪ್ಟ್ ಪ್ರಾಮಾಣಿಕವಾಗಿರಬೇಕಾದರೆ ಮೊದಲ ಮಾತು ಹೀಗಿರಬೇಕು:

“120 ಕಿ.ಮೀ. ಅನ್ನುವುದು ಪರೀಕ್ಷಾ ಕೇಂದ್ರದ ಲೆಕ್ಕ. ನಮ್ಮ ರಸ್ತೆಯಲ್ಲಿ 85 ಕಿ.ಮೀ. ಎಂದಿಟ್ಟುಕೊಳ್ಳಿ.”

ಪುಣೆಯ ಎಆರ್‌ಎಐಯಂಥ ಸಂಸ್ಥೆಗಳಲ್ಲಿ ಗಾಡಿಯನ್ನು ರೋಲರ್ ಮೇಲಿಟ್ಟು ನಿಗದಿತ ವೇಗದಲ್ಲಿ ಓಡಿಸುತ್ತಾರೆ. ಅಲ್ಲಿ ಏರು ರಸ್ತೆಯಿಲ್ಲ, ಎದುರುಗಾಳಿಯಿಲ್ಲ, ಹಿಂದೆ ಕೂರುವವರಿಲ್ಲ. ಇವೆಲ್ಲ ಸೇರಿದಾಗ, ಅದರಲ್ಲೂ ವೇಗ ಹೆಚ್ಚಿದಾಗ, ರೇಂಜ್ ಇಳಿಯುತ್ತದೆ.

ಎರಡನೆಯದು ಚಾರ್ಜಿಂಗ್. 3 ಯೂನಿಟ್ ಹಿಡಿಸುವ ಬ್ಯಾಟರಿ ತುಂಬಲು ಮೀಟರ್‌ನಲ್ಲಿ ಸುಮಾರು 3.4 ಯೂನಿಟ್ ಓಡುತ್ತದೆ. ಉಳಿದದ್ದು ಚಾರ್ಜರ್‌ನಲ್ಲಿ, ಬ್ಯಾಟರಿಯಲ್ಲಿ ಬಿಸಿಯಾಗಿ ಹೋಗುತ್ತದೆ. 750 ವ್ಯಾಟ್ ಚಾರ್ಜರ್ ಆದರೆ ಸುಮಾರು ಐದು ಗಂಟೆ ಬೇಕು, ಏಕೆಂದರೆ ಕೊನೆಯ ಭಾಗ ನಿಧಾನವಾಗಿ ತುಂಬುತ್ತದೆ. ಮನೆಯ ಪ್ಲಗ್ ಪಾಯಿಂಟ್‌ಗೆ ಸರಿಯಾದ ಅರ್ಥಿಂಗ್ ಇದೆಯೇ ಎಂದು ಎಲೆಕ್ಟ್ರಿಷಿಯನ್ ಕೈಲಿ ನೋಡಿಸಿ ಎನ್ನುವ ಮಾತೂ ವಿಡಿಯೊದಲ್ಲಿ ಬರಬೇಕು.

ಮೂರನೆಯದು ಖರ್ಚು. ದಿನಕ್ಕೆ 30 ಕಿ.ಮೀ.ನಂತೆ ತಿಂಗಳಲ್ಲಿ 25 ದಿನ ಓಡಿಸಿದರೆ 750 ಕಿ.ಮೀ. ಆಗುತ್ತದೆ. ಅದಕ್ಕೆ ಬೇಕಾಗುವುದು 30 ಯೂನಿಟ್. ಯೂನಿಟ್‌ಗೆ 7 ರೂಪಾಯಿ ಹಿಡಿದರೆ 210 ರೂಪಾಯಿ. ಲೀಟರಿಗೆ 45 ಕಿ.ಮೀ. ಕೊಡುವ ಪೆಟ್ರೋಲ್ ಸ್ಕೂಟರ್‌ಗೆ, ಲೀಟರ್ 103 ರೂಪಾಯಿಯಂತೆ, ಸುಮಾರು 1,700 ರೂಪಾಯಿ ಬೇಕು. ಉಳಿತಾಯ ನಿಜ.

ಆದರೆ “ಗೃಹಜ್ಯೋತಿ ಇದೆಯಲ್ಲ, ಓಡಾಟವೇ ಫ್ರೀ” ಎನ್ನುವ ಸಾಲು ಸ್ಕ್ರಿಪ್ಟ್‌ನಲ್ಲಿ ಇರಬಾರದು. ಆ ಯೋಜನೆಯಲ್ಲಿ ಪ್ರತಿ ಮನೆಗೂ ಹಿಂದಿನ ಸರಾಸರಿ ಬಳಕೆಯ ಆಧಾರದ ಮೇಲೆ ಒಂದು ಮಿತಿಯಿದೆ. ಸ್ಕೂಟರ್‌ನ 30 ಯೂನಿಟ್ ಸೇರಿ ಬಳಕೆ ಅದನ್ನು ದಾಟಿದರೆ ಹೆಚ್ಚುವರಿಗೆ ದುಡ್ಡು ಕಟ್ಟಬೇಕು. 200 ಯೂನಿಟ್ ಮೀರಿದರೆ ಪೂರ್ತಿ ಬಿಲ್ ಬರುತ್ತದೆ. 170 ಯೂನಿಟ್ ದಾಟಿ ಬಳಸುವ ಮನೆಗೆ ಇದು ದೊಡ್ಡ ವ್ಯತ್ಯಾಸ. ಬ್ಯಾಟರಿ ಬದಲಿಸುವ ಖರ್ಚು ಎಷ್ಟು, ಸಾಮರ್ಥ್ಯ ಶೇ. ಎಷ್ಟಕ್ಕೆ ಇಳಿದರೆ ವಾರಂಟಿ ಸಿಗುತ್ತದೆ ಎಂಬುದನ್ನೂ ತೆರೆಯ ಮೇಲೆ ತೋರಿಸಬೇಕು.

ಕೊನೆಯಲ್ಲಿ ಕರೆ: “ಮನೆಯವರನ್ನೂ ಕರೆದುಕೊಂಡು ಬನ್ನಿ. ಇಬ್ಬರೂ ಕೂತು, ನೀವು ದಿನಾ ಹೋಗುವ ವೇಗದಲ್ಲೇ 10 ಕಿ.ಮೀ. ಓಡಿಸಿ. ಹೊರಡುವಾಗ, ಬಂದ ಮೇಲೆ ಬ್ಯಾಟರಿ ಶೇಕಡಾ ಎಷ್ಟಿದೆ ಎಂದು ಬರೆದುಕೊಳ್ಳಿ.” ಶೇ. 12 ಇಳಿದರೆ ಡೀಲರ್ ಹೇಳಿದ 85 ಕಿ.ಮೀ. ಸರಿ. ಶೇ. 16 ಇಳಿದರೆ ನಿಮಗೆ ಸಿಗುವುದು 60 ಕಿ.ಮೀ. ಆಸುಪಾಸು. ಎರಡು ನಿಮಿಷದ ಸುತ್ತು ಹಾಕಿಸಿ ಕಳಿಸುವ ಡೀಲರ್ ಬಳಿ ಈ 10 ಕಿ.ಮೀ. ಕೇಳಿ ಪಡೆಯಿರಿ, ಕೊಡದಿದ್ದರೆ ಅಡ್ವಾನ್ಸ್ ಕೊಡಬೇಡಿ.